ಪದ ಹಳೆಯದು, ಧಾಟಿ ಹೊಸದು

ಮಕ್ಕಳೇ, ಚಪ್ಪಾಳೆ ತಟ್ಟುತ್ತಾ ಎಣಿಸಿ. 'ಒಂದು-ಎರಡು' ಎಂದು ಮೂರು ಸಲ, ಕೂಡಲೇ 'ಒಂದು-ಎರಡು-ಮೂರು' ಎಂದು ಎರಡು ಸಲ. ಪ್ರತಿ 'ಒಂದು' ಜೋರಾಗಿರಲಿ. ನಡುವೆ ಹೆಜ್ಜೆ ಬದಲಾದಂತೆ ಅನಿಸಿತಲ್ಲವೇ? ಅದು ಯುರೋಪಿನ ಬೊಹೀಮಿಯಾ ನಾಡಿನ ಜನಪದ ಕುಣಿತ, ಫ್ಯೂರಿಯಂಟ್.

ಬೊಹೀಮಿಯಾ ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಜರ್ಮನ್ ಭಾಷೆಯದೇ ಮೇಲುಗೈ. ಅಲ್ಲಿನ ಚೆಕ್ ಜನ ತಮ್ಮತನಕ್ಕಾಗಿ ಹಂಬಲಿಸುತ್ತಿದ್ದರು. 1878ರಲ್ಲಿ ಡ್ವೊರ್ಜಾಕ್ ಎಂಬ ಸಂಗೀತಗಾರರು 'ಸ್ಲಾವೊನಿಕ್ ಡ್ಯಾನ್ಸಸ್' ರಚಿಸಿದರು. ಅದರಲ್ಲಿ ಇಂಥ ಕುಣಿತಗಳ ಲಯವನ್ನು ಹಳ್ಳಿಯಿಂದ ತಂದರು. ಧಾಟಿಗಳನ್ನು ಮಾತ್ರ ತಾವೇ ಕಟ್ಟಿದರು.

ಇದಕ್ಕೆ ಹತ್ತಿರದ ಕೆಲಸವನ್ನು ನಮ್ಮಲ್ಲಿ ಮಾಡಿದವರು ಸಿ. ಅಶ್ವತ್ಥ್. ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದವರು. ಶಿಶುನಾಳ ಷರೀಫರ ತತ್ವಪದಗಳು ಉತ್ತರ ಕರ್ನಾಟಕದ ಭಜನೆಗಳಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿದ್ದವು. ಅಶ್ವತ್ಥ್ ಅವಕ್ಕೆ ಹೊಸ ಧಾಟಿ ಹಾಕಿದರು. ಆದರೆ ತೆರೆದ ಗಂಟಲಿನ ಏರುದನಿ, ಆಡುಮಾತಿನ ಉಚ್ಚಾರ, ಮತ್ತೆ ಮತ್ತೆ ಬರುವ ಪಲ್ಲವಿ ಇವನ್ನು ಬಿಡಲಿಲ್ಲ. ಅದಕ್ಕೇ ಆ ಧಾಟಿಗಳೂ ಷರೀಫರ ಕಾಲದವೇ ಎನ್ನುವಷ್ಟು ಸಹಜವಾಗಿ ಕೇಳಿಸುತ್ತವೆ. 1990ರ 'ಸಂತ ಶಿಶುನಾಳ ಷರೀಫ' ಚಿತ್ರ ಅವನ್ನು ಮನೆಮನೆಗೆ ಮುಟ್ಟಿಸಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ಗಾಯನದ ಹೆಸರೇ 'ಕನ್ನಡವೇ ಸತ್ಯ'.

ಇನ್ನು ಮುಂದೆ ಜಾನಪದದಂತೆ ಕೇಳಿಸುವ ಹಾಡು ಸಿಕ್ಕರೆ ಮನೆಯವರೊಡನೆ ಕೂತು ಗುರುತಿಸಿ: ಪದ, ಧಾಟಿ, ಲಯ, ಹಾಡುವ ರೀತಿ, ಇವುಗಳಲ್ಲಿ ಹಳ್ಳಿಯದು ಯಾವುದು, ಸಂಗೀತಗಾರರದು ಯಾವುದು?