ಮನೆಯವರಿಗೂ ಪಿನ್ ಹೇಳಬಾರದೆ?

(ಬ್ಯಾಂಕ್ ಶಾಖೆಯಲ್ಲಿ ನಡೆಯುವ ಹಿರಿಯ ಗ್ರಾಹಕರ ಸಭೆಗೆಂದು ಬರೆದ ಮಾತು)

ಫೋನ್ ಮಾಡಿ ಪಿನ್ ಕೇಳುವ ಕಳ್ಳರ ಸುದ್ದಿ ಓದಿ ಓದಿ ನಿಮಗೆ ಸಾಕಾಗಿರುತ್ತದೆ. ಅದರ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ನಿಮ್ಮ ಪಿನ್ ನಮಗೇ ಗೊತ್ತಿಲ್ಲ. ಮ್ಯಾನೇಜರ್ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆದರೆ ಹೆಸರು, ವಿಳಾಸ, ಬ್ಯಾಲೆನ್ಸ್ ಕಾಣುತ್ತವೆ, ಪಿನ್ ಕಾಣುವುದಿಲ್ಲ. ಮರೆತುಹೋಯಿತು ಅಂತ ನೀವು ಬಂದಾಗ ಹಳೆಯದನ್ನು ಹೇಳದೆ ಹೊಸದು ಮಾಡಿಕೊಳ್ಳಿ ಅನ್ನುವುದು ಅದಕ್ಕೇ. ‘ವೆರಿಫೈ ಮಾಡಬೇಕು, ಪಿನ್ ಹೇಳಿ’ ಅನ್ನುವವನ ಹತ್ತಿರ ತಾಳೆ ನೋಡುವುದಕ್ಕೆ ಏನೂ ಇರುವುದಿಲ್ಲ.

ಇವತ್ತು ನಾನು ಹೇಳಬೇಕಾದ್ದು ಕಳ್ಳರ ವಿಷಯ ಅಲ್ಲ, ನಮ್ಮವರ ವಿಷಯ. ಮಂಡಿನೋವು, ಎಟಿಎಂವರೆಗೆ ನಡೆಯಲಾಗದು, ಮಗನ ಕೈಗೆ ಕಾರ್ಡು ಕೊಟ್ಟು ನಂಬರ್ ಹೇಳುತ್ತೇವೆ. ಇದರಲ್ಲೇನು ತಪ್ಪು?

ನಮ್ಮ ಬೆಂಗಳೂರಿನಲ್ಲೇ ಆದದ್ದು ಕೇಳಿ. 2013ರ ನವೆಂಬರ್. ಮಾರತಹಳ್ಳಿಯ ಬಾಣಂತಿಯೊಬ್ಬರು ಗಂಡನ ಕೈಗೆ ಕಾರ್ಡು ಕೊಟ್ಟು, ಪಿನ್ ಹೇಳಿ, 25,000 ರೂಪಾಯಿ ತರಲು ಕಳಿಸಿದರು. ಯಂತ್ರದಿಂದ ಚೀಟಿ ಬಂತು, ದುಡ್ಡು ಬರಲಿಲ್ಲ. ಖಾತೆಯಲ್ಲಿ ಮಾತ್ರ ಹಣ ಕಡಿತವಾಗಿತ್ತು. ಬ್ಯಾಂಕು ಹಣ ಕೊಡಲಿಲ್ಲ, ಅವರು ಗ್ರಾಹಕರ ವೇದಿಕೆಗೆ ಹೋದರು. ಆ ದಿನಗಳಲ್ಲಿ ಯಂತ್ರದಲ್ಲಿ 25,000 ಹೆಚ್ಚಿಗೆ ಉಳಿದಿತ್ತು ಅನ್ನುವ ದಾಖಲೆಯನ್ನೂ ಮಾಹಿತಿ ಹಕ್ಕಿನಡಿ ತೆಗೆಸಿದರು. ಆದರೂ 2018ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಕ್ಯಾಮೆರಾದಲ್ಲಿ ಕಂಡದ್ದು ಖಾತೆದಾರರಲ್ಲ, ಅವರ ಗಂಡ. ಪಿನ್ ಬೇರೆಯವರಿಗೆ ಹೇಳಿದ್ದೇ ನಿಯಮಭಂಗ, ಬರಲಾಗದಿದ್ದರೆ ಸೆಲ್ಫ್ ಚೆಕ್ಕನ್ನೋ ಅಧಿಕಾರಪತ್ರವನ್ನೋ ಕೊಟ್ಟು ಕಳಿಸಬೇಕಿತ್ತು ಎಂದಿತು ವೇದಿಕೆ. ನನ್ನನ್ನು ಕೇಳಿದರೆ ತೀರ್ಪು ಸ್ವಲ್ಪ ನಿಷ್ಠುರವೇ. ಅದರೂ ಗಮನಿಸಿ, ಗಂಡ ಮೋಸ ಮಾಡಲಿಲ್ಲ. ಕೆಟ್ಟದ್ದು ಯಂತ್ರ. ಪಿನ್ ಹೇಳಿದ್ದರಿಂದ ದೂರಿನ ಬಲವೇ ಹೋಯಿತು.

ಇದರ ಹಿಂದಿನ ಲೆಕ್ಕ ಅರ್ಥವಾಗಬೇಕಾದರೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯನ್ನು ನೋಡಬೇಕು. ನಿಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಎಲ್ಲೋ ಮಾಹಿತಿ ಸೋರಿ ಹಣ ಹೋಯಿತು ಅನ್ನಿ. ಮೆಸೇಜು ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ. ತಪ್ಪು ನಿಮ್ಮದೆಂದು ಬ್ಯಾಂಕು ಹೇಳುವುದಾದರೆ ಬ್ಯಾಂಕೇ ಅದನ್ನು ಸಾಬೀತು ಮಾಡಬೇಕು. ಆದರೆ ಪಿನ್ ನೀವೇ ಹೇಳಿದ್ದರೆ ಲೆಕ್ಕ ತಿರುಗುತ್ತದೆ. ಸೋಮವಾರ ಖಾತೆಯಿಂದ 40,000 ಹೋಯಿತು, ನೀವು ಬುಧವಾರ ಮಧ್ಯಾಹ್ನ ತಿಳಿಸಿದಿರಿ, ಅದೇ ಸಂಜೆ ಇನ್ನೂ 10,000 ಹೋಯಿತು ಅಂದುಕೊಳ್ಳಿ. ಮೊದಲಿನ 40,000 ನಿಮ್ಮ ತಲೆಗೆ, ತಿಳಿಸಿದ ನಂತರದ 10,000 ಬ್ಯಾಂಕಿನ ತಲೆಗೆ. ಆದ್ದರಿಂದ ಹೇಳಿಬಿಟ್ಟಿದ್ದರೂ ನಾಚಿಕೊಂಡು ಕೂರಬೇಡಿ. ಮೊದಲು ಕಾರ್ಡು ಬ್ಲಾಕ್ ಮಾಡಿಸಿ, 1930ಕ್ಕೆ ಫೋನ್ ಮಾಡಿ. ಬ್ಯಾಂಕಿನ ನಂಬರ್ ಕಾರ್ಡಿನ ಹಿಂದೆಯೇ ಇರುತ್ತದೆ, ಆದರೆ ಕಾರ್ಡೇ ಕಳೆದರೆ ಏನು ನೋಡುತ್ತೀರಿ? ಅದನ್ನು ಡೈರಿಯಲ್ಲಿ ಬರೆದಿಡಿ. ಪಿನ್ನನ್ನಂತೂ ಕಾರ್ಡಿನ ಕವರಿನ ಮೇಲೆ ಬರೆಯಬೇಡಿ. ಫೋನಿನಲ್ಲಿ ‘ಪಿಂಕಿ’ ಅನ್ನುವ ಹೆಸರಿನಡಿ ನಾಲ್ಕಂಕಿ ಅಡಗಿಸುವ ಉಪಾಯ ಫೋನ್ ಕದಿಯುವವನಿಗೂ ಗೊತ್ತು.

ಹಾಗಾದರೆ ಮಂಡಿನೋವಿನವರು ಏನು ಮಾಡಬೇಕು? ಒಂದೆರಡು ಸಲದ ಕೆಲಸವಾದರೆ ಚೆಕ್ ಸಾಕು. ಪ್ರತಿ ತಿಂಗಳೂ ಇರುವುದಾದರೆ ಮಗನನ್ನೋ ಮಗಳನ್ನೋ ಮ್ಯಾಂಡೇಟ್ ಮೂಲಕ ನೇಮಿಸಬಹುದು. ಅಂದರೆ ನನ್ನ ಖಾತೆಯನ್ನು ಇವರೂ ನಡೆಸಬಹುದು ಎಂದು ಬರೆದುಕೊಡುವುದು. ಅವರು ತಮ್ಮದೇ ಸಹಿ ಹಾಕಿ ಹಣ ತೆಗೆಯುತ್ತಾರೆ, ಯಾರು ತೆಗೆದರೆಂದು ದಾಖಲೆ ಉಳಿಯುತ್ತದೆ. ಹಣ ನಿಮ್ಮದಾಗಿಯೇ ಇರುತ್ತದೆ, ಬೇಡವೆನಿಸಿದಾಗ ಬರೆದುಕೊಟ್ಟು ರದ್ದು ಮಾಡಬಹುದು. ಜಂಟಿ ಖಾತೆ ಬೇರೆ. ಅಲ್ಲಿ ಇನ್ನೊಬ್ಬರಿಗೂ ಸ್ವಂತ ಕಾರ್ಡು, ಸ್ವಂತ ಪಿನ್ ಸಿಗುತ್ತದೆ, ಆದರೆ ಅವರೂ ಖಾತೆದಾರರೇ ಆಗುತ್ತಾರೆ. ಯೋಚಿಸಿ ಮಾಡಿ.

ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೇ ನಗದು ತಲುಪಿಸುವ ಸೇವೆಯನ್ನು ಬ್ಯಾಂಕುಗಳು ಕೊಡಬೇಕೆಂದು ಅದೇ 2017ರಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದೆ. ಶುಲ್ಕ ಎಷ್ಟೆಂದು ಕೇಳಿ ತಿಳಿದುಕೊಳ್ಳಿ. ಹಾಸಿಗೆ ಹಿಡಿದು ಸಹಿಯೂ ಹಾಕಲಾಗದವರ ಹೆಬ್ಬೆಟ್ಟಿನ ಗುರುತನ್ನು ಇಬ್ಬರು ಸಾಕ್ಷಿಗಳ ಮುಂದೆ ಪಡೆಯುವ ಕ್ರಮವೂ ಇದೆ, ಸಾಕ್ಷಿಗಳಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು.

ಈಗಾಗಲೇ ಮನೆಯವರಿಗೆ ಪಿನ್ ಹೇಳಿರುವವರು ಹೊರಗಿನ ಎಟಿಎಂನಲ್ಲಿ ಇವತ್ತೇ ಬದಲಿಸಿಕೊಂಡು ಹೋಗಿ. ಪಿನ್ ಬದಲಾವಣೆ ಅನ್ನುವುದನ್ನು ಒತ್ತಿ, ಹಳೆಯದನ್ನು ಒಮ್ಮೆ, ಹೊಸದನ್ನು ಎರಡು ಸಲ ಹಾಕಬೇಕು. ಹುಟ್ಟಿದ ವರ್ಷ ಬೇಡ, ಪರ್ಸಿನಲ್ಲಿರುವ ಆಧಾರ್ ಕಾರ್ಡೇ ಅದನ್ನು ಹೇಳಿಬಿಡುತ್ತದೆ. ಗೊತ್ತಾಗದಿದ್ದರೆ ನಮ್ಮವರು ಹೊರಗೆ ನಿಂತು ವಿವರಿಸುತ್ತಾರೆ, ಆದರೆ ಅಂಕಿ ಒತ್ತುವಾಗ ಅವರಿಗೂ ಮುಖ ಆಚೆ ತಿರುಗಿಸಲು ಹೇಳಿ. ಮ್ಯಾಂಡೇಟ್ ಬೇಕಾದವರು ಯಾರನ್ನು ನೇಮಿಸುತ್ತೀರೋ ಅವರನ್ನು ಗುರುತಿನ ಚೀಟಿ ಸಮೇತ ಕರೆದುಕೊಂಡು ಬನ್ನಿ.