ಹಲ್ಮಿಡಿ ಅಧ್ಯಾಯಕ್ಕೊಂದು ವಾದನಕ್ಷೆ

ಪಿಎಚ್.ಡಿ. ಮಹಾಪ್ರಬಂಧಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯಗಳು ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ. ಈಚಿನವು ಶೋಧಗಂಗಾದಲ್ಲಿ ಸಿಗುತ್ತವೆ. ಬೆರಳಚ್ಚು ಯಂತ್ರದ ಕಾಲದವು ಎಷ್ಟೋ ಸಲ ಕಪಾಟಿನಲ್ಲೇ ಉಳಿದಿರುತ್ತವೆ. ಹೀಗಾಗಿ ಓದುಗರು ಗ್ರಂಥಪಾಲಕರ ಒಪ್ಪಿಗೆ ಪಡೆದು, ಬೇಕಾದ ಅಧ್ಯಾಯದ ಫೋಟೊ ಹೊಡೆದುಕೊಂಡು ಬರುತ್ತಾರೆ. ಮೂವತ್ತು ನಲವತ್ತು ಫೋಟೊಗಳು ಮೊಬೈಲಿನಲ್ಲಿ ಸೇರುತ್ತವೆ. ಆಮೇಲೆ ಒಂದೆರಡು ಸಲ ಬೆರಳಲ್ಲಿ ಸರಿಸಿ ನೋಡಿ, ಹಳದಿ ಬಣ್ಣದಲ್ಲಿ ನಾಲ್ಕು ಸಾಲು ಗುರುತು ಮಾಡಿ, ಓದಿದ ಸಮಾಧಾನ ಪಡುವುದು ವಾಡಿಕೆ. ಆ ಅಧ್ಯಾಯ ಏನನ್ನು ಸಾಧಿಸಿತು, ಯಾವುದರ ಬಲದ ಮೇಲೆ ಸಾಧಿಸಿತು, ಅದನ್ನು ಒಪ್ಪದವರು ಏನೆನ್ನುತ್ತಾರೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ.

ಈ ಮೂರು ಪ್ರಶ್ನೆಗಳ ಉತ್ತರವನ್ನು ಒಂದೇ ಹಾಳೆಯಲ್ಲಿ ಚೌಕಗಳಾಗಿ ಬರೆದು, ಯಾವುದು ಯಾವುದಕ್ಕೆ ಆಸರೆ, ಯಾವುದು ಯಾವುದನ್ನು ಒಡೆಯುತ್ತದೆ ಎಂದು ಬಾಣ ಎಳೆದು ತೋರಿಸಿದರೆ ಅದು ವಾದನಕ್ಷೆ. ಪೂರ್ವಪಕ್ಷವನ್ನು ಮೊದಲು ನಿಲ್ಲಿಸಿ ಆಮೇಲೆ ಸಿದ್ಧಾಂತಕ್ಕೆ ಬರುವ ಕ್ರಮ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಹಿಂದಿನಿಂದಲೂ ಇದೆ. ಅದನ್ನು ಚಿತ್ರವಾಗಿ ಬಿಡಿಸುವ ಪದ್ಧತಿ ಈಚಿನದು. ಅಮೆರಿಕದ ಕಾನೂನು ಪಂಡಿತ ಜಾನ್ ವಿಗ್ಮೋರ್ 1913ರಲ್ಲೇ ನ್ಯಾಯಾಲಯದ ಸಾಕ್ಷ್ಯಗಳಿಗೆ ಇಂಥ ನಕ್ಷೆ ಹಾಕುವ ದಾರಿ ತೋರಿಸಿದ್ದ.

ಇಲ್ಲಿ ಮಾದರಿಗೆಂದು ಒಂದು ಅಧ್ಯಾಯವನ್ನು ಕಲ್ಪಿಸಿಕೊಂಡಿದ್ದೇನೆ. ಅದರ ವಿಷಯ ಮಾತ್ರ ಕಲ್ಪನೆಯಲ್ಲ: ಹಲ್ಮಿಡಿ ಶಾಸನದ ಕಾಲ. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಪತ್ತೆಮಾಡಿದ ಹದಿನಾರು ಸಾಲಿನ ಶಾಸನ ಇದು. ಅದನ್ನು ಕ್ರಿ.ಶ. 450ರ ಸುಮಾರಿಗೆ ಸೇರಿಸುವುದು ರೂಢಿ. 1980ರ ದಶಕದಲ್ಲಿ ಕನ್ನಡದಲ್ಲಿ ಬೆರಳಚ್ಚಾದ, ಮೂವತ್ತು ಪುಟಗಳ ಒಂದು ಅಧ್ಯಾಯ ಇದೇ ಕಾಲವನ್ನು ಸಮರ್ಥಿಸುತ್ತದೆ ಎಂದುಕೊಳ್ಳಿ.

ನಕ್ಷೆಯ ಅರ್ಧ ಭವಿಷ್ಯ ಫೋಟೊ ಹೊಡೆಯುವಾಗಲೇ ತೀರ್ಮಾನವಾಗಿರುತ್ತದೆ. ಹಳೆಯ ಪ್ರಬಂಧಗಳಲ್ಲಿ ಅಡಿಟಿಪ್ಪಣಿಗಳು ಪುಟದ ಕೆಳಗಿರದೆ ಅಧ್ಯಾಯದ ಕೊನೆಯಲ್ಲೋ ಪ್ರಬಂಧದ ಕೊನೆಯಲ್ಲೋ ಇರುವುದುಂಟು. ಅವನ್ನು ಬಿಟ್ಟು ಬಂದರೆ ವಾದ ಕೈಗೆ ಸಿಗುತ್ತದೆ, ಆಧಾರ ಗ್ರಂಥಾಲಯದಲ್ಲೇ ಉಳಿಯುತ್ತದೆ. ಮುಖಪುಟ, ಪರಿವಿಡಿ, ಅಧ್ಯಾಯ, ಟಿಪ್ಪಣಿ, ಗ್ರಂಥಸೂಚಿ, ಇಷ್ಟೂ ಬೇಕು. ಪ್ರತಿ ಫೋಟೊದಲ್ಲಿ ಪುಟಸಂಖ್ಯೆ ಕಾಣಬೇಕು. ರಟ್ಟಿನ ಹೊಲಿಗೆಯ ಕಡೆಯ ಅಕ್ಷರಗಳು ಮಡಿಕೆಯ ನೆರಳಿನಲ್ಲಿ ಮುಳುಗಿರಬಾರದು. ಕುರ್ಚಿಯಿಂದ ಏಳುವ ಮುನ್ನ ಪುಟಸಂಖ್ಯೆಗಳನ್ನು ಒಂದರಿಂದ ಒಂದಕ್ಕೆ ಎಣಿಸಿ ನೋಡಿದರೆ ತಪ್ಪಿಹೋದ ಪುಟ ಅಲ್ಲೇ ಸಿಕ್ಕಿಬೀಳುತ್ತದೆ. ಮನೆಗೆ ಬಂದ ಮೇಲೆ ಕಡತಗಳಿಗೆ ಪುಟಸಂಖ್ಯೆಯನ್ನೇ ಹೆಸರಾಗಿ ಕೊಡುವುದು ಮೇಲು. ಮೊಬೈಲು ತಾನಾಗಿ ಕೊಡುವ ಉದ್ದನೆಯ ಅಂಕೆಗಳಿಂದ ಯಾರಿಗೂ ಉಪಯೋಗವಿಲ್ಲ.

ಫೋಟೊದಿಂದ ಅಕ್ಷರ ಎತ್ತಿಕೊಡುವ ತಂತ್ರಾಂಶಗಳು ಹುಡುಕಾಟಕ್ಕೆ ಒದಗುತ್ತವೆ; ಆದರೆ ಬೆರಳಚ್ಚಿನ ಕನ್ನಡದಲ್ಲಿ ಇಸವಿಗಳ ಮಟ್ಟಿಗೆ ಅವನ್ನು ನಂಬುವ ಹಾಗಿಲ್ಲ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ತೆರ. ಅರ್ಕಾವೊತ್ತೂ ಒಂಬತ್ತರ ಅಂಕಿಯೂ ಅಷ್ಟೆ. ಹಾಗಾಗಿ ‘ವರ್ಷ’ ಎಂಬುದು ‘ವಷ೯’ ಆಗಿ, ‘೪೫೦’ ಎಂಬುದು ‘೪೫ಂ’ ಆಗಿ ಹೊರಬರಬಹುದು. ಕಾಲನಿರ್ಣಯದ ಅಧ್ಯಾಯದಲ್ಲಿ ಒಂದು ಅಂಕಿ ತಪ್ಪಿದರೆ ನಕ್ಷೆಯೇ ತಪ್ಪು. ಇಸವಿ, ಶತಮಾನ, ಸಾಲುಸಂಖ್ಯೆಗಳನ್ನು ಫೋಟೊ ಮುಂದಿಟ್ಟುಕೊಂಡು ಕಣ್ಣಿನಿಂದಲೇ ತಾಳೆ ನೋಡಬೇಕು.

ಮೊದಲ ಓದಿನಲ್ಲಿ ನಕ್ಷೆ ಬೇಡ. ಪೆನ್ಸಿಲ್ ಹಿಡಿದು, ಅಧ್ಯಾಯ ಎಲ್ಲಿ ಬರಿದೆ ವಿವರಿಸುತ್ತಿದೆ, ಎಲ್ಲಿ ವಾದಿಸುತ್ತಿದೆ ಎಂದಷ್ಟೇ ಗುರುತಿಸಿಕೊಂಡರೆ ಸಾಕು. ನಮ್ಮ ಅಧ್ಯಾಯದ ಮೊದಲ ಹತ್ತು ಪುಟ ಕದಂಬರ ಚರಿತ್ರೆ, ಊರಿನ ವರ್ಣನೆ, ಕಲ್ಲಿನ ಅಳತೆ. ಓದಲು ಸೊಗಸು, ನಕ್ಷೆಗೆ ಅದರಿಂದ ಒಂದು ಚೌಕವೂ ಬಾರದು. ಇದನ್ನು ಬಿಡಲು ಕೈ ಬರುವುದಿಲ್ಲ ಎನ್ನುವವರ ನಕ್ಷೆ ಸಾರಾಂಶವಾಗಿಬಿಡುತ್ತದೆ. ‘ಶಾಸನದ ಭಾಷೆ’ ಎಂದು ಚೌಕದಲ್ಲಿ ಬರೆದರೆ ಅದು ಬರಿಯ ಶೀರ್ಷಿಕೆ. ‘ಶಾಸನದ ಭಾಷೆ ಹಳಗನ್ನಡಕ್ಕಿಂತ ಹಿಂದಿನದು’ ಎಂದರೆ ಅದು ಪ್ರತಿಪಾದನೆ. ಅದನ್ನು ಒಪ್ಪಬಹುದು, ಅಲ್ಲಗಳೆಯಬಹುದು. ಚೌಕದೊಳಗಿನ ಪ್ರತಿ ಬರಹವೂ ಹೀಗೆ ಹೌದು ಅಲ್ಲ ಎನ್ನಲು ಬರುವ ಪೂರ್ಣ ವಾಕ್ಯವಾಗಿರಬೇಕು, ಪಕ್ಕದಲ್ಲಿ ಪುಟಸಂಖ್ಯೆ ಇರಬೇಕು. ಮೂಲದಲ್ಲಿ ‘ಎನ್ನಬಹುದು’ ಎಂದಿದ್ದರೆ ನಕ್ಷೆಯಲ್ಲೂ ‘ಎನ್ನಬಹುದು’ ಎಂದೇ ಇರಬೇಕು. ಜಾಗ ಉಳಿಸುವ ಅವಸರದಲ್ಲಿ ಮೊದಲು ಕಳೆದುಹೋಗುವುದು ಲೇಖಕರ ಈ ಹಿಂಜರಿಕೆಯೇ.

ಈಗ ಹಾಳೆಯ ತಲೆಯಲ್ಲಿ ಮುಖ್ಯ ಪ್ರತಿಪಾದನೆ. ಇಂಥ ಅಧ್ಯಾಯಗಳಲ್ಲಿ ಅದು ಬಹುಮಟ್ಟಿಗೆ ಕೊನೆಯ ಎರಡು ಪುಟಗಳಲ್ಲಿ ‘ಒಟ್ಟಾರೆಯಾಗಿ’, ‘ಆದ್ದರಿಂದ’ ಎಂಬ ಮಾತುಗಳ ಬೆನ್ನಿಗೆ ಸಿಗುತ್ತದೆ. ನಮ್ಮದರಲ್ಲಿ ಸಿಕ್ಕ ವಾಕ್ಯ: ‘ಹಲ್ಮಿಡಿ ಶಾಸನ ಐದನೆಯ ಶತಮಾನದ ನಡುಭಾಗದ್ದು, ಕನ್ನಡದ ಮೊತ್ತಮೊದಲ ಶಾಸನ.’ ಇದು ಒಂದು ವಾಕ್ಯ, ಆದರೆ ಎರಡು ಪ್ರತಿಪಾದನೆ. ಕಾಲದ ಮಾತು ಒಂದು, ಮೊದಲನೆಯದೆಂಬ ಮಾತು ಇನ್ನೊಂದು. ಎರಡು ಚೌಕ ಬೇಕು. ಒಂದನ್ನು ಒಡೆಯುವ ಪುರಾವೆ ಇನ್ನೊಂದನ್ನು ಮುಟ್ಟದೆಯೇ ಹೋಗಬಹುದು.

ಕಾಲದ ಚೌಕದ ಕೆಳಗೆ ಅಧ್ಯಾಯ ಕೊಡುವ ಆಧಾರಗಳು ಮೂರು. ಶಾಸನದಲ್ಲಿ ಕದಂಬ ಕಾಕುಸ್ಥನ ಹೆಸರಿದೆ. ಲಿಪಿ ಐದನೆಯ ಶತಮಾನದ್ದನ್ನು ಹೋಲುತ್ತದೆ. ಭಾಷೆ ಹಳಗನ್ನಡಕ್ಕೂ ಹಿಂದಿನದು. ಮೂರು ಬಾಣ ಎಳೆದು ಕೈತೊಳೆದುಕೊಂಡರೆ ಕೆಲಸ ಮುಗಿದ ಹಾಗೆ ಕಾಣುತ್ತದೆ. ನಿಜವಾದ ಕೆಲಸ ಆ ಬಾಣಗಳಲ್ಲೇ ಇದೆ.

ಮೊದಲ ಬಾಣ ನೋಡಿ. ಕಾಕುಸ್ಥನ ಹೆಸರಿದೆ ಎಂಬುದರಿಂದ ಐದನೆಯ ಶತಮಾನಕ್ಕೆ ನೇರ ಜಿಗಿಯಲಾಗದು. ನಡುವೆ ಹೇಳದೆ ಬಿಟ್ಟ ಮಾತುಗಳಿವೆ. ಈ ಕಾಕುಸ್ಥ ಕದಂಬ ದೊರೆ ಕಾಕುಸ್ಥವರ್ಮನೇ. ಕಾಕುಸ್ಥವರ್ಮ ಆಳಿದ್ದು ಐದನೆಯ ಶತಮಾನದಲ್ಲಿ. ಶಾಸನ ಕೆತ್ತಿದ್ದು ಅವನ ಕಾಲದಲ್ಲೇ. ಬ್ರಿಟಿಷ್ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರ ತನ್ನ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಈ ನಡುಸೇತುವೆಯನ್ನೇ: ಆಧಾರದಿಂದ ತೀರ್ಮಾನಕ್ಕೆ ದಾಟಿಸುವ, ಬಹಳ ಸಲ ಬಾಯಿಬಿಟ್ಟು ಹೇಳದ ನಿಯಮ. ಇದನ್ನು ಬಾಣದ ಮೇಲೆ ಚುಕ್ಕೆಗೆರೆಯ ಚೌಕದಲ್ಲಿ ಬರೆಯುವುದು ಅನುಕೂಲ, ಅಧ್ಯಾಯದ ಮಾತು ಯಾವುದು, ನಾವು ತುಂಬಿದ್ದು ಯಾವುದು ಎಂಬುದು ಬೇರೆಯಾಗಿ ಕಾಣುತ್ತದೆ. ಎರಡನೆಯ ಸೇತುವೆಗೆ ಅಧ್ಯಾಯದಲ್ಲೇ ಆಸರೆ ಸಿಗುತ್ತದೆ. ಕಾಕುಸ್ಥವರ್ಮ ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಹೆಣ್ಣು ಕೊಟ್ಟವನೆಂದು ತಾಳಗುಂದದ ಸ್ತಂಭಶಾಸನ ಹೇಳುತ್ತದೆ, ಅವನ ಕಾಲವನ್ನು ಎಣಿಸಲು ಆ ನಂಟು ನೆರವಾಗುತ್ತದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಅಧ್ಯಾಯದ ಮೂವತ್ತು ಪುಟಗಳಲ್ಲಿ ಒಂದು ಸಾಲೂ ಇಲ್ಲ. ಅಲ್ಲಿ ‘ಆಧಾರ ಕೊಟ್ಟಿಲ್ಲ’ ಎಂದು ಬರೆದು ಮುಂದೆ ಹೋಗುವುದು. ಹುಡುಕಿ ತುಂಬಿಕೊಡುವುದು ನಕ್ಷೆ ಬಿಡಿಸುವವರ ಕೆಲಸವಲ್ಲ.

ಎರಡನೆಯ ಬಾಣದಲ್ಲಿ ಪ್ರತಿವಾದ ಕಾಣಿಸಿಕೊಳ್ಳುತ್ತದೆ. ಶಾಸನದಲ್ಲಿ ಶಕವರ್ಷವಿಲ್ಲ. ಹಾಗಾಗಿ ಲಿಪಿಯ ಮೇಲೆ ಭಾರ ಜಾಸ್ತಿ. ಶಾಸನತಜ್ಞ ಡಿ.ಸಿ. ಸರ್ಕಾರ್ ಇದನ್ನು ಆರನೆಯ ಶತಮಾನದ ಕೊನೆಗೆ ತಂದಿದ್ದಾರೆ. ಇದು ತೀರ್ಮಾನಕ್ಕೇ ಬೀಳುವ ಪೆಟ್ಟು, ಬಾಣ ಮುಖ್ಯ ಚೌಕಕ್ಕೆ ಹೋಗಬೇಕು. ಅಕ್ಷರದ ಆಕಾರ ನೋಡಿ ಕಾಲ ಹೇಳುವಾಗ ಕೆಲವು ದಶಕಗಳ ಹಿಂದೆಮುಂದೆ ಇದ್ದೇ ಇರುತ್ತದೆ ಎಂಬ ಆಕ್ಷೇಪ ಬೇರೆ ಜಾತಿಯದು. ಶಾಸನ ಐದನೆಯ ಶತಮಾನದ್ದಲ್ಲ ಎಂದು ಅದು ಹೇಳುವುದಿಲ್ಲ, ಲಿಪಿಯಿಂದ ಅಷ್ಟು ಖಚಿತವಾಗಿ ಹೇಳಲಾಗದು ಎನ್ನುತ್ತದೆ, ಅಂದರೆ ಸೇತುವೆಗೆ ಪೆಟ್ಟು ಹಾಕುತ್ತದೆ. ಇವೆರಡನ್ನೂ ‘ಪ್ರತಿವಾದಗಳು’ ಎಂದು ಒಂದೇ ಪಟ್ಟಿಯಲ್ಲಿ ತುರುಕಿದ ನಕ್ಷೆಗಳೇ ಹೆಚ್ಚು, ಅವುಗಳಿಂದ ಚರ್ಚೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುವುದಿಲ್ಲ. ಇನ್ನೂ ಸೊಗಸಾದ್ದು ಕೆ.ವಿ. ರಮೇಶ್ ಅವರ ಉತ್ತರ. ಹಲ್ಮಿಡಿಯ ಅಕ್ಷರಗಳು ಪಳಗಿಲ್ಲದವು, ಅದಕ್ಕೇ ಪಳಗಿದ ಕಣ್ಣಿಗೂ ಅವು ಈಚಿನವೆಂಬ ಭ್ರಮೆ ಹುಟ್ಟಿಸುತ್ತವೆ, ನಿಜದಲ್ಲಿ ಐದನೆಯ ಶತಮಾನದವೇ ಎಂದು ಅವರ ಅಭಿಪ್ರಾಯ. ಇದರ ಬಾಣ ಹೋಗಬೇಕಾದದ್ದು ಸರ್ಕಾರರ ತೀರ್ಮಾನಕ್ಕಲ್ಲ. ಅಕ್ಷರ ಈಚಿನಂತೆ ಕಂಡರೆ ಶಾಸನ ಈಚಿನದು ಎಂಬ ಅವರ ಸೇತುವೆಗೆ.

ಲಿಪಿಯ ಚೌಕದ ಹತ್ತಿರ ಇನ್ನೊಂದು ಜಾರು ನೆಲವಿದೆ. ‘ಅನೇಕ ವಿದ್ವಾಂಸರು ಇದನ್ನು ಒಪ್ಪಿದ್ದಾರೆ’ ಎಂಬ ಸಾಲು ಅಧ್ಯಾಯದಲ್ಲಿದ್ದು, ನಾಲ್ಕು ಹೆಸರು ಕೊಟ್ಟಿದ್ದರೆ ನಾಲ್ಕು ಆಧಾರ ಎಂದು ಎಣಿಸುವ ಆಸೆ ಹುಟ್ಟುತ್ತದೆ. ಟಿಪ್ಪಣಿಯ ಫೋಟೊ ತೆಗೆದು ನೋಡಿ. ನಾಲ್ವರೂ 450 ಎಂಬುದನ್ನು ಕೃಷ್ಣ ಅವರ ಒಂದೇ ವರದಿಯಿಂದ ಎತ್ತಿಕೊಂಡಿದ್ದರೆ ಆಧಾರ ಒಂದೇ. ಟಿಪ್ಪಣಿ ಪುಟಗಳ ಫೋಟೊ ಬಿಡಬೇಡಿ ಎಂದದ್ದು ಇದಕ್ಕೇ.

ಮೂರನೆಯ ಬಾಣವೇ ಈ ಇಡೀ ಕಸರತ್ತಿಗೆ ಬೆಲೆ ತಂದುಕೊಡುವಂಥದು. ಭಾಷೆ ಹಳಗನ್ನಡಕ್ಕಿಂತ ಹಿಂದಿನದು, ಆದ್ದರಿಂದ ಶಾಸನ ಹಳೆಯದು ಎನ್ನುತ್ತದೆ ಅಧ್ಯಾಯ. ಹಳಗನ್ನಡಕ್ಕಿಂತ ಹಿಂದಿನ ಕನ್ನಡ ಹೀಗಿತ್ತು ಎಂದು ಗೊತ್ತಾದದ್ದು ಹೇಗೆ? ಹತ್ತು ಪುಟ ಹಿಂದಕ್ಕೆ ಸರಿಸಿದರೆ ಲೇಖಕರು ಕೊಡುವ ಮುಖ್ಯ ಮಾದರಿ ಹಲ್ಮಿಡಿ ಶಾಸನವೇ. ಬಾಣಗಳನ್ನು ಬಿಡಿಸಿದರೆ ಅವು ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತವೆ. ಗದ್ಯವಾಗಿ ಓದುವಾಗ ಈ ಎರಡು ಮಾತುಗಳ ನಡುವೆ ಹತ್ತು ಪುಟಗಳ ಅಂತರವಿರುವುದರಿಂದ ಸುತ್ತು ಕಣ್ಣಿಗೆ ಬೀಳುವುದಿಲ್ಲ. ಇದರಿಂದ ಶಾಸನ ಐದನೆಯ ಶತಮಾನದ್ದಲ್ಲ ಎಂದೇನೂ ಆಗದು. ಭಾಷೆಯ ಆಧಾರ ತನ್ನ ಕಾಲ ಮೇಲೆ ನಿಲ್ಲಬೇಕಾದರೆ ಬೇರೆ ಶಾಸನಗಳೊಂದಿಗೆ ಹೋಲಿಕೆ ಬೇಕು ಎಂಬಷ್ಟೇ ತೀರ್ಮಾನ.

ಮೂವತ್ತು ಪುಟ ಹೀಗೆ ಹನ್ನೆರಡರಿಂದ ಹದಿನೈದು ಚೌಕಗಳಿಗೆ ಇಳಿಯುತ್ತದೆ. ಸರಿಯಾಗಿದೆಯೇ ಎಂದು ನೋಡಲು ಯಾವುದಾದರೂ ಚೌಕದ ಮೇಲೆ ಬೆರಳಿಟ್ಟು ಆ ಪುಟದ ಫೋಟೊ ತೆರೆಯಿರಿ. ಮಾತು ಅಲ್ಲಿ ಇಲ್ಲದಿದ್ದರೆ ಅದು ಲೇಖಕರದಲ್ಲ, ನಿಮ್ಮದು. ಆಮೇಲೆ ಅಧ್ಯಾಯ ಓದದವರೊಬ್ಬರಿಗೆ ಹಾಳೆ ಕೊಟ್ಟು, ಲೇಖಕರ ವಾದವನ್ನು ಗಟ್ಟಿಯಾಗಿ ಹೇಳಲು ಕೇಳಬೇಕು. ಅವರು ನಿಂತ ಕಡೆ ಒಂದು ಬಾಣ ತಪ್ಪಿದೆ ಎಂದರ್ಥ.

ಒಂದು ಚೌಕ ಮಾತ್ರ ಬೇರೆ ಬಣ್ಣದ ಶಾಯಿ ಬೇಡುತ್ತದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ 2013ರಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಶಾಸನ ಸಿಕ್ಕಿತು. ಅದನ್ನು ಕ್ರಿ.ಶ. 370ರದೆಂದು ಹೇಳಲಾಗಿದೆ. ಇದು 1980ರ ದಶಕದ ಅಧ್ಯಾಯದಲ್ಲಿ ಇರುವುದು ಸಾಧ್ಯವಿಲ್ಲ. ಆದ್ದರಿಂದ ನಕ್ಷೆಯಲ್ಲಿ ಅದು ಓದುಗರು ಸೇರಿಸಿದ ಮಾತಾಗಿಯೇ ಕಾಣಬೇಕು. ಅದರ ಬಾಣ ಎಲ್ಲಿಗೆ? ಆ ಕಾಲನಿರ್ಣಯವನ್ನು ಒಪ್ಪಿದರೆ ಅದು ತಾಗುವುದು ‘ಕನ್ನಡದ ಮೊತ್ತಮೊದಲ ಶಾಸನ’ ಎಂಬ ಚೌಕಕ್ಕೆ ಮಾತ್ರ. ಹಲ್ಮಿಡಿ ಐದನೆಯ ಶತಮಾನದ ನಡುಭಾಗದ್ದು ಎಂಬ ಪಕ್ಕದ ಚೌಕಕ್ಕೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.