ಓ ಕಂಡಲ್ಲೆಲ್ಲ ಗುಣಸಂಧಿಯಲ್ಲ

ಹೈಸ್ಕೂಲಿನ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಬರಬಹುದಾದ ಒಂದು ಅಂಕದ ಪ್ರಶ್ನೆ ನೋಡಿ. ಗುಣಸಂಧಿಗೆ ಉದಾಹರಣೆ ಯಾವುದು? ಎ) ರವೀಂದ್ರ ಬಿ) ಮಹರ್ಷಿ ಸಿ) ಮನೋಹರ ಡಿ) ಏಕೈಕ. ‘ಗುಣವೆಂದರೆ ಏ, ಓ’ ಎಂದು ಉರು ಹೊಡೆದವರ ಕೈ ಸೀದಾ ಮನೋಹರದ ಮೇಲೆ ಬೀಳುತ್ತದೆ. ಅಂಕ ಹೋಯಿತು.

ಒಂದೊಂದಾಗಿ ಬಿಡಿಸೋಣ. ರವಿ + ಇಂದ್ರ: ಇಕಾರದ ಮುಂದೆ ಇಕಾರವೇ ಬಂತು, ಎರಡೂ ಸೇರಿ ಈ ಆಯಿತು. ಒಂದೇ ಜಾತಿಯ ಸ್ವರಗಳು ಎದುರಾದರೆ, ಹ್ರಸ್ವವಿರಲಿ ದೀರ್ಘವಿರಲಿ, ಹೀಗೆ ದೀರ್ಘವೇ ಬರುತ್ತದೆ. ಇದು ಸವರ್ಣದೀರ್ಘ. ಈಗ ರವಿಯನ್ನು ತೆಗೆದು ದೇವ ಎಂದಿಡಿ. ಇಂದ್ರ ಅಲ್ಲೇ ಇದ್ದಾನೆ, ಪದ ಮಾತ್ರ ದೇವೇಂದ್ರ. ಅ ಎನ್ನುವಾಗ ನಾಲಿಗೆ ಕೆಳಗಿರುತ್ತದೆ, ಇ ಎನ್ನುವಾಗ ಮುಂದಕ್ಕೆ ಬಂದು ಮೇಲೇಳುತ್ತದೆ. ಇವೆರಡರ ನಡುವಿನ ನೆಲೆ ಏ. ಅ, ಉ ಸೇರಿದರೆ ಇದೇ ರೀತಿ ಓ. ಇದು ಗುಣಸಂಧಿ. ಏಕ + ಏಕ ಎನ್ನುವಲ್ಲಿ ಎದುರಿಗಿರುವುದೇ ಏ ಆದ್ದರಿಂದ ಸಂಧಿ ಇನ್ನೊಂದು ಮೆಟ್ಟಿಲು ಹತ್ತಿ ಐ ಆಗುತ್ತದೆ. ಅದು ವೃದ್ಧಿ.

ಮನೋಹರದ ಗುಟ್ಟು ಬಿಡಿಸಿದರಷ್ಟೇ ಬಯಲಾಗುತ್ತದೆ. ಎರಡನೆಯ ಪದ ‘ಹರ’, ಶುರುವಾಗುವುದೇ ವ್ಯಂಜನದಿಂದ. ಎರಡು ಸ್ವರ ಮುಖಾಮುಖಿಯಾಗದೆ ಗುಣಸಂಧಿ ಎಲ್ಲಿಂದ ಬಂತು? ಸಂಸ್ಕೃತದಲ್ಲಿ ಮೂಲ ಪದ ‘ಮನಸ್’. ಅದರ ಕೊನೆಯ ಸಕಾರ ವಿಸರ್ಗವಾಗಿ, ಹಕಾರದ ಎದುರು ‘ಅಃ’ ಎಂಬುದು ಓ ಆಗಿದೆ. ತಪೋವನ, ಮನೋರಥಗಳ ಕತೆಯೂ ಇದೇ. ಇವು ವಿಸರ್ಗಸಂಧಿಗಳು.

ಹಾಗಾದರೆ ಸರಿಯುತ್ತರ ಮಹರ್ಷಿ. ಇಲ್ಲಿ ಏ ಇಲ್ಲ, ಓ ಇಲ್ಲ! ಆದರೆ ಪಾಣಿನಿ ಗುಣ ಎಂದು ಹೆಸರಿಟ್ಟಿದ್ದು ಅ, ಏ, ಓ ಮೂರಕ್ಕೂ. ಮಹಾ + ಋಷಿ ಸೇರುವಾಗ ಆ ಅಕಾರವೇ ಬರುತ್ತದೆ, ಋಕಾರದ ಗುರುತಾಗಿ ರ್ ಅದರ ಬೆನ್ನಿಗಿರುತ್ತದೆ. ಕನ್ನಡ ಬರವಣಿಗೆಯಲ್ಲಿ ಈ ರ್ ಅರ್ಕಾವೊತ್ತಾಗಿ ‘ಷಿ’ಯ ಆಚೆ ಕೂರುವುದರಿಂದ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಬಾಯಿಬಿಟ್ಟು ಓದಿದರೆ ‘ಅರ್’ ಸ್ಪಷ್ಟವಾಗಿ ಕೇಳುತ್ತದೆ.

ಬಿಡಿಸಿ ಬರೆಯುವ ಪ್ರಶ್ನೆಗಳಲ್ಲಿ ತೊಡಕು ಬೇರೆ. ವಿದ್ಯಾರ್ಥಿ ಎಂಬುದನ್ನು ವಿದ್ಯೆ + ಅರ್ಥಿ ಎಂದು ಬಿಡಿಸಲು ಮನಸ್ಸಾಗುತ್ತದೆ, ಏಕೆಂದರೆ ನಾವು ಆಡುವುದು ವಿದ್ಯೆ ಎಂದೇ. ಸಂಸ್ಕೃತದ ‘ವಿದ್ಯಾ’ ಕನ್ನಡಕ್ಕೆ ಬಂದಾಗ ಎಕಾರಾಂತವಾಗಿದೆ. ಸಂಸ್ಕೃತದ ವರ್ಣಮಾಲೆಯಲ್ಲಿ ಹ್ರಸ್ವ ಎಕಾರವೇ ಇಲ್ಲ, ಅದು ಅಕಾರಕ್ಕೆ ಸವರ್ಣವಾಗುವ ಮಾತಂತೂ ದೂರ. ಭಾಷಾಂತರಕ್ಕೂ ಭಾಷೆಯಲ್ಲ, ‘ಭಾಷಾ’ ಬೇಕು.

ಮಹೋತ್ಸವದ ವಿಷಯದಲ್ಲಿ ಮಾತ್ರ ಕಿವಿಯನ್ನು ನಂಬುವಂತಿಲ್ಲ. ಮಹ + ಉತ್ಸವ ಎಂದರೂ ಮಹಾ + ಉತ್ಸವ ಎಂದರೂ ಸಿಗುವುದು ಅದೇ ಓ. ಗುಣಸಂಧಿ ಹಿಂದಿನ ಸ್ವರದ ಹ್ರಸ್ವ-ದೀರ್ಘವನ್ನು ಅಳಿಸಿಹಾಕುತ್ತದೆ. ಮೂಲ ಪದ ‘ಮಹಾ’ ಎಂಬುದು ಮೊದಲೇ ಗೊತ್ತಿರಬೇಕು, ಇಲ್ಲವೇ ನಿಘಂಟು ತೆರೆಯಬೇಕು.